ಅಪ್ಪ, ಒಂದು ಸಲ ಫೋನ್ ಮಾಡು

ಪ್ರೀತಿಯ ಅಪ್ಪನಿಗೆ,

ಹೊಗೆಸೊಪ್ಪು ಬಿಡು ಎಂದು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಮಾತನ್ನು ಅಮ್ಮ ಹೇಳಿ ಹೇಳಿ ದಣಿದಿದ್ದಾಳೆ, ಅಜ್ಜಿ ದೇವರ ಮುಂದೆ ಹರಕೆ ಹೊತ್ತೂ ಆಗಿದೆ. ಬಿಡಬೇಕೆಂಬುದು ನಿನಗೂ ಗೊತ್ತು. ಆದರೆ ಬಿಡುವುದಕ್ಕೆ ಯಾರ ಹತ್ತಿರ ಹೋಗಬೇಕು, ಹೋದರೆ ಅವರು ಏನು ಮಾಡುತ್ತಾರೆ, ಏನು ಕೊಡುತ್ತಾರೆ ಎಂದು ಇಷ್ಟು ವರ್ಷದಲ್ಲಿ ನಿನ್ನ ಪಕ್ಕ ಕೂತು ಯಾರೂ ಹೇಳಿಲ್ಲ. ಅದಷ್ಟನ್ನು ಹೇಳುತ್ತೇನೆ. ನಿನ್ನ ಹೆಸರು ಬರೆಯದೆ ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹಲ್ಲು ನೋವೆಂದು ನನ್ನ ಹತ್ತಿರ ಬರುವ ಎಷ್ಟೋ ಅಪ್ಪಂದಿರ ಬಾಯಲ್ಲಿ ನಿನ್ನ ಬಾಯಲ್ಲಿರುವುದೇ ಇದೆ, ಅವರ ಹೆಣ್ಣುಮಕ್ಕಳಿಗೂ ಈ ಮಾತು ಬೇಕಾಗಬಹುದು.

ಮೊದಲು ನಿನ್ನ ಸುಣ್ಣದ ಡಬ್ಬಿಯ ವಿಷಯ. ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ತಿಕ್ಕುವುದು ಘಾಟು ಬರಲಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲಿ ನಡೆಯುವುದು ಬೇರೆ. ಎಲೆಯಲ್ಲಿರುವ ನಿಕೋಟಿನ್ ತಾನಾಗಿ ಬಾಯಿಯ ಒಳಚರ್ಮವನ್ನು ದಾಟಿ ರಕ್ತ ಸೇರುವುದು ನಿಧಾನ. ಸುಣ್ಣ ಬೆರೆತು ಎಂಜಲು ಕ್ಷಾರವಾದಾಗ ನಿಕೋಟಿನ್ ರೂಪ ಬದಲಿಸುತ್ತದೆ, ಆ ರೂಪದಲ್ಲಿ ಅದು ಒಳಚರ್ಮವನ್ನು ಸಲೀಸಾಗಿ ದಾಟುತ್ತದೆ. ದವಡೆಗೆ ಒತ್ತರಿಸಿಕೊಂಡ ಸ್ವಲ್ಪ ಹೊತ್ತಿಗೆ ನೀನು ‘ಈಗ ತಲೆಗೆ ಹತ್ತಿತು’ ಅನ್ನುವೆಯಲ್ಲ, ಅದು ಇದೇ. ಅದೇ ಸುಣ್ಣ ಆ ಜಾಗದ ಚರ್ಮವನ್ನು ಸುಡುತ್ತಲೂ ಇರುತ್ತದೆ. ಹೀಗೆ ಸುಟ್ಟು ಸವೆದ ಜಾಗದಲ್ಲೇ ಹೊಗೆಸೊಪ್ಪಿನ ವಿಷ ಗಂಟೆಗಟ್ಟಲೆ ಕೂತಿರುತ್ತದೆ. ‘ಹೊಗೆ ಇಲ್ಲವಲ್ಲ, ಬರೀ ಎಲೆ’ ಎಂದು ನೀನು ವಾದ ಮಾಡುತ್ತೀಯ. ಎಲೆಯನ್ನು ಒಣಗಿಸಿ ಹದ ಮಾಡುವಾಗಲೇ ಅದರಲ್ಲಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್ ತರುವ ವಸ್ತುಗಳು ಹುಟ್ಟುತ್ತವೆ. ಬೆಂಕಿ ಹಚ್ಚಬೇಕಾದ ಅಗತ್ಯವೇ ಇಲ್ಲ.

ಹೀಗೆ ಮೇಲೇರಿದ ನಿಕೋಟಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು ಎರಡು ಗಂಟೆಗೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಒಗ್ಗಿಹೋದ ಮಿದುಳು ಆಗ ಮತ್ತೆ ಕೇಳುತ್ತದೆ. ರಾತ್ರಿ ಬಸ್ಸಿನಲ್ಲಿ ಹಾಸನದಿಂದ ಹೊರಟವನು ಕುಣಿಗಲ್ ದಾಟುವಷ್ಟರಲ್ಲಿ ಚಡಪಡಿಸುವುದು, ಕಂಡಕ್ಟರ್ ಮೇಲೆ ಸುಮ್ಮಸುಮ್ಮನೆ ರೇಗುವುದು, ಹಾಕಿಕೊಂಡ ಕೂಡಲೇ ಕಣ್ಣು ನಿಚ್ಚಳವಾದಂತೆ ಅನ್ನಿಸುವುದು, ಎಲ್ಲವೂ ಇದೇ ಲೆಕ್ಕ. ಹೊಗೆಸೊಪ್ಪು ನಿನ್ನ ನಿದ್ದೆ ಓಡಿಸುತ್ತದೆ ಎಂದು ನೀನು ನಂಬಿದ್ದೀಯ. ಬಹುಪಾಲು ಅದು ತಾನೇ ತಂದ ಮಂಕನ್ನು ತಾನೇ ಕಳೆಯುತ್ತದೆ, ಅಷ್ಟೆ.

ವ್ಯಸನ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ನಾವು ಮೊದಲು ಕೇಳುವುದು, ಎದ್ದ ಮೇಲೆ ಮೊದಲ ಸಲ ಹಾಕಿಕೊಳ್ಳುವುದು ಎಷ್ಟು ಹೊತ್ತಿಗೆ ಎಂದು. ಅರ್ಧ ಗಂಟೆಯೊಳಗೆ ಅಂದರೆ ವ್ಯಸನ ಬಲವಾಗಿದೆ. ಆಮೇಲೆ, ಜ್ವರ ಬಂದು ಊಟ ಸೇರದೆ ಮಲಗಿದಾಗಲೂ ಬೇಕೆನಿಸುತ್ತದೆಯೇ, ರಸವನ್ನು ಉಗುಳದೆ ನುಂಗುವುದುಂಟೇ ಎಂದು ಕೇಳುತ್ತೇವೆ. ನೀನು ಹಲ್ಲುಜ್ಜುವುದಕ್ಕೂ ಮುಂಚೆ ಹಿತ್ತಲಿಗೆ ಹೋಗುವುದು ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದಾಗ ಚಿಕ್ಕಪ್ಪನ ಕೈಲಿ ಗುಟ್ಟಾಗಿ ತರಿಸಿಕೊಂಡಿದ್ದೂ ಗೊತ್ತಿದೆ. ಇದನ್ನು ಆರೋಪವೆಂದು ತಿಳಿಯಬೇಡ. ರೋಗ ಪತ್ತೆ ಮಾಡುವಾಗ ಲಕ್ಷಣ ಎಣಿಸುವುದು ಹೀಗೇ. ಇಂಥ ವ್ಯಸನ ‘ಮನಸ್ಸು ಗಟ್ಟಿ ಮಾಡಿಕೋ’ ಅಂದರೆ ಹೋಗುವಂಥದ್ದಲ್ಲ, ಇದಕ್ಕೆ ಚಿಕಿತ್ಸೆ ಇದೆ.

ನೀನು ಶಬರಿಮಲೆಗೆ ಮಾಲೆ ಹಾಕಿದ ವರ್ಷವನ್ನು ಎತ್ತಿಕೊಳ್ಳೋಣ. ನಲವತ್ತೊಂದು ದಿನದ ವ್ರತದಲ್ಲಿ ಒಂದು ಎಸಳು ಮುಟ್ಟಲಿಲ್ಲ. ಮೊದಲ ಮೂರು ದಿನ ತಲೆನೋವು, ಸಿಟ್ಟು, ರಾತ್ರಿ ನಿದ್ದೆ ಇಲ್ಲ, ಹೊಟ್ಟೆ ಸರಿಯಾಗಿ ಹೋಗುತ್ತಿಲ್ಲ ಎಂಬ ದೂರು. ಎರಡನೇ ವಾರಕ್ಕೆ ಅದು ಇಳಿಯಿತು. ವ್ರತ ಮುಗಿಯುವ ಹೊತ್ತಿಗೆ ಊಟ ರುಚಿಸುತ್ತಿದೆ ಎಂದು ನೀನೇ ಅಮ್ಮನಿಗೆ ಹೇಳಿದ್ದೆ. ಪುಸ್ತಕದಲ್ಲಿ ಬರೆದಂತೆಯೇ ಎಲ್ಲ ನಡೆದಿತ್ತು. ನಿಕೋಟಿನ್ ನಿಂತಾಗ ದೇಹ ಪಡುವ ಕಷ್ಟ ಕೆಲವೇ ಗಂಟೆಗಳಲ್ಲಿ ಶುರುವಾಗಿ, ಎರಡು ಮೂರನೆಯ ದಿನ ತುತ್ತತುದಿಗೆ ಹೋಗಿ, ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಮಾಲೆ ತೆಗೆಯುವಾಗ ನಿನ್ನ ದೇಹಕ್ಕೆ ಹೊಗೆಸೊಪ್ಪು ಬೇಕಾಗಿರಲಿಲ್ಲ ಅಪ್ಪ.

ಆದರೂ ಮತ್ತೆ ಶುರುವಾಯಿತು. ಅದು ಶುರುವಾದದ್ದು ಒಂದು ಬೀಗರೂಟದಲ್ಲಿ, ಊಟ ಮುಗಿಸಿ ಎಲೆ ಅಡಿಕೆ ತಟ್ಟೆಯ ಸುತ್ತ ಕೂತಾಗ. ‘ಬರೀ ಎಲೆ ಅಡಿಕೆ ತಾನೆ’ ಎಂದು ಹಾಕಿಕೊಂಡೆ. ಪಕ್ಕದವರು ಚೂರು ಹೊಗೆಸೊಪ್ಪು ಕೊಟ್ಟರು. ವಾರದಲ್ಲಿ ಡಬ್ಬಿ ಜೇಬಿಗೆ ಬಂತು. ದೇಹ ಮರೆತದ್ದನ್ನು ಜಾಗ, ಹೊತ್ತು, ಜೊತೆಗಾರರು ನೆನಪಿಸುತ್ತಾರೆ. ವ್ರತದಲ್ಲಿ ಆ ನೆನಪುಗಳಿಂದ ನಿನ್ನನ್ನು ಕಾಪಾಡಿದ್ದು ಮಾಲೆ. ಕಪ್ಪು ಪಂಚೆ ಉಟ್ಟವನಿಗೆ ಯಾರೂ ಹೊಗೆಸೊಪ್ಪು ಚಾಚುವುದಿಲ್ಲ, ಚಾಚಿದರೂ ‘ಸ್ವಾಮಿ, ಕ್ಷಮಿಸಿ’ ಎಂದು ಹಿಂದೆ ಸರಿಯುತ್ತಾರೆ. ಮಾಲೆ ತೆಗೆದ ಮರುದಿನ ಆ ಕಾವಲು ಇರಲಿಲ್ಲ, ಅದರ ಬದಲು ಬೇರೊಂದು ಏರ್ಪಾಡನ್ನು ಯಾರೂ ಮಾಡಿಕೊಟ್ಟಿರಲಿಲ್ಲ. ಸೋತವನು ನೀನಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುವುದು ಇದಕ್ಕೇ. ಕಷ್ಟದ ಅರ್ಧವನ್ನು ನೀನು ಯಾವ ಔಷಧಿಯೂ ಇಲ್ಲದೆ ಒಮ್ಮೆ ದಾಟಿದ್ದೀಯ. ಉಳಿದರ್ಧಕ್ಕೆ ಜನ ಬೇಕು.

ಅಡಿಕೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ತೋಟದ ಮನೆಯವರಾದ ನಮಗೆ ಇದು ಕೇಳಲು ಕಹಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಗಿಯುವ ಹೊಗೆಸೊಪ್ಪನ್ನು ಮಾತ್ರವಲ್ಲ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಅಡಿಕೆಯಿಂದ ಕೆನ್ನೆಯ ಒಳಚರ್ಮ ಗಡುಸಾಗಿ, ಬಾಯಿ ಬಿಗಿದುಕೊಳ್ಳುತ್ತಾ ಹೋಗುವ ಕಾಯಿಲೆಯೂ ಬರುತ್ತದೆ. ಅದರ ಮೊದಲ ಸುಳಿವು ಖಾರ ತಾಳದಿರುವುದು. ‘ಈಚೆಗೆ ನಿಮ್ಮಮ್ಮ ಸಾರಿಗೆ ಖಾರ ಜಾಸ್ತಿ ಹಾಕುತ್ತಾಳೆ’ ಎಂದು ನೀನು ಗೊಣಗಿದಾಗ ನನ್ನ ಎದೆ ಧಸಕ್ಕೆಂದಿದ್ದು ಅದಕ್ಕೆ. ಅಮ್ಮ ಹಾಕುವ ಖಾರ ಅಷ್ಟೇ ಇದೆ, ಅಪ್ಪ. ಹೊಗೆಸೊಪ್ಪು ಬಿಟ್ಟು ಅಡಿಕೆ ಉಳಿಸಿಕೊಳ್ಳುವುದು, ಇಲ್ಲವೇ ಪಾನ್ ಮಸಾಲೆಗೆ ಬದಲಾಯಿಸಿಕೊಳ್ಳುವುದು ಬಿಟ್ಟ ಹಾಗಾಗುವುದಿಲ್ಲ.

ಈಗ, ಹೋದ ಸಲ ಊರಿಗೆ ಬಂದಾಗ ಜಗಲಿಯ ಬೆಳಕಿನಲ್ಲಿ ನಿನ್ನ ಬಾಯಲ್ಲಿ ನಾನು ಕಂಡದ್ದು. ಎಡಗಡೆ, ಕೆಳಗಿನ ವಸಡು ಮತ್ತು ಕೆನ್ನೆಯ ನಡುವೆ, ನೀನು ದಿನವೂ ಒತ್ತರಿಸಿಕೊಳ್ಳುವ ಜಾಗದಲ್ಲೇ, ಬಿಳಿಚಿದ, ನೆರಿಗೆ ನೆರಿಗೆಯಾದ ಒಂದು ಮಚ್ಚೆ ಇದೆ. ಬಟ್ಟೆಯಲ್ಲಿ ಒರೆಸಿದರೆ ಹೋಗಲಿಲ್ಲ. ಒರೆಸಿದರೆ ಹೋಗುವ ಬಿಳುಪು ಸಾಮಾನ್ಯವಾಗಿ ಬೇರೆ ಕಾರಣದ್ದು, ಹೋಗದಿರುವುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಹೊಗೆಸೊಪ್ಪು ಇಡುವುದನ್ನು ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ತೆಳುವಾಗಿ ಮಾಯವಾಗುವುದನ್ನು ನಾನೇ ನೋಡಿದ್ದೇನೆ. ಆದರೆ ಕೆಲವು ಆಗುತ್ತವೆ, ಯಾವುದು ಆಗುತ್ತದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಬಾಯಿಯ ರೋಗದ ತಜ್ಞರು ಒಮ್ಮೆ ನೋಡಲೇಬೇಕು. ಅವರಿಗೆ ಅನುಮಾನ ಬಂದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಅದು ಹಗುರ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದನ್ನು ನಂಬಬೇಡ.

ನೋವಿಲ್ಲವಲ್ಲ ಎಂದು ನೀನು ಅಂದೆ. ಬಾಯಿ ಕ್ಯಾನ್ಸರಿನ ಮೋಸ ಇರುವುದೇ ಅಲ್ಲಿ. ಶುರುವಿನಲ್ಲಿ ಅದು ಹೆಚ್ಚಾಗಿ ನೋಯುವುದಿಲ್ಲ, ನೋಯುವಾಗ ಆಳಕ್ಕಿಳಿದಿರುತ್ತದೆ. ಅದಕ್ಕೇ ನೋವು ಬರಲಿ ಎಂದು ಕಾಯದೆ ಕಣ್ಣಲ್ಲಿ ನೋಡಬೇಕು. ಕನ್ನಡಿಯ ಮುಂದೆ ಟಾರ್ಚ್ ಹಿಡಿದು ತುಟಿಯ ಒಳಬದಿ, ಎರಡು ಕೆನ್ನೆ, ನಾಲಿಗೆಯ ಅಂಚುಗಳು, ನಾಲಿಗೆಯ ಅಡಿ, ಅಂಗುಳನ್ನು ತಿಂಗಳಿಗೊಮ್ಮೆ ನೋಡಿಕೋ. ಎರಡು ವಾರವಾದರೂ ಮಾಯದ ಹುಣ್ಣು, ಕೆಂಪು ಮಚ್ಚೆ, ಬಿಳಿಯ ನಡುವೆ ಕೆಂಪು ಚುಕ್ಕೆ, ಗಟ್ಟಿ ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕತ್ತಿನಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಅದೇ ವಾರ ತೋರಿಸಬೇಕು. ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯ. ನಿನ್ನದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡು. ಹಿಡಿಸದಿದ್ದರೆ ಬಾಯಿ ಬಿಗಿಯುತ್ತಿದೆ ಎಂದರ್ಥ.

ಇಷ್ಟು ಸರಳವಾಗಿ ನೋಡುವುದರಿಂದ ಏನಾದೀತು ಎನ್ನಬೇಡ. ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಜನರ ಬಾಯಿ ನೋಡಿ, ಅನುಮಾನ ಬಂದವರನ್ನು ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಹೀಗೆ ನೋಡಿದ ಊರುಗಳನ್ನು ನೋಡದ ಊರುಗಳ ಜೊತೆ ವರ್ಷಗಟ್ಟಲೆ ಹೋಲಿಸಿದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದ ಸಾಯುವುದು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಯಾವುದೂ ಇರಲಿಲ್ಲ, ಬೆಳಕು ಬಿಟ್ಟು ಬಾಯಿ ನೋಡಲು ಬಂದ ಮನುಷ್ಯರಿದ್ದರು. ಮುತ್ತಜ್ಜಿ ತೊಂಬತ್ತರವರೆಗೂ ಕಡ್ಡಿಪುಡಿ ಹಾಕಿದಳು ಎಂದು ನೀನು ಹೇಳುವುದು ನಿಜ. ಅವಳಿಗೆ ಬರಲಿಲ್ಲ. ನಿನ್ನ ಬಾಯಲ್ಲಿ ಮಚ್ಚೆ ಆಗಲೇ ಬಂದಿದೆ.

ಹಾಗಾದರೆ ಸಹಾಯ ಕೇಳುವುದು ಅಂದರೆ ಏನು? ಹೊಗೆಸೊಪ್ಪಿನ ಪ್ಯಾಕೆಟ್ಟಿನ ಮೇಲೆ, ಆ ಭಯಂಕರ ಚಿತ್ರದ ಜೊತೆಗೇ, 1800-11-2356 ಎಂಬ ನಂಬರ್ ಇದೆ. ನೀನು ದಿನವೂ ಹರಿದು ಎಸೆಯುವುದು ಅದನ್ನೇ. ಅದು ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, 2016ರಿಂದ ಇದೆ, ದುಡ್ಡು ಬೀಳುವುದಿಲ್ಲ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಸೋಮವಾರ ಬಿಟ್ಟು. ಕನ್ನಡದಲ್ಲಿ ಮಾತಾಡುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಕೇಂದ್ರವಿದೆ. ಅತ್ತ ಕಡೆ ಇರುವವರು ಆಪ್ತಸಮಾಲೋಚಕರು. ಅವರು ಬೈಯುವುದಿಲ್ಲ, ಭಾಷಣ ಮಾಡುವುದಿಲ್ಲ. ಏನು ಹಾಕುತ್ತೀರಿ, ದಿನಕ್ಕೆ ಎಷ್ಟು ಸಲ, ಎದ್ದ ಕೂಡಲೇ ಬೇಕೇ, ಹಿಂದೆ ಬಿಟ್ಟಿದ್ದಿರೇ, ಆಗ ಯಾಕೆ ಮತ್ತೆ ಶುರುವಾಯಿತು, ಬೇರೆ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಮಾಲೆಯ ಕಥೆ, ಬೀಗರೂಟದ ಕಥೆ ಎರಡನ್ನೂ ಅವರಿಗೆ ಹೇಳು. ಆಮೇಲೆ ಬಿಡುವ ದಿನವೊಂದನ್ನು ನಿನ್ನ ಬಾಯಿಂದಲೇ ಗೊತ್ತು ಮಾಡಿಸುತ್ತಾರೆ. ಆ ದಿನದ ನಂತರ ಅವರೇ ಮತ್ತೆ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ. ಅಗಿಯುವವರ ವಿಷಯದಲ್ಲಿ ಕೆಲಸ ಮಾಡುತ್ತದೆಂದು ಗಟ್ಟಿಯಾಗಿ ಹೇಳಬಹುದಾದದ್ದು ಹೀಗೆ ಬೆನ್ನುಹತ್ತಿ ಮಾತಾಡುವುದು. ಔಷಧಿ ಅದಕ್ಕೆ ಜೊತೆ.

ಔಷಧಿ ಕೊಡುವುದು ಡಾಕ್ಟರ ಕೆಲಸ, ಅದಕ್ಕೆ ಜಿಲ್ಲಾ ಆಸ್ಪತ್ರೆಯ ತಂಬಾಕು ಮುಕ್ತಿ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರು ನಿಕೋಟಿನ್ ಗಮ್ ಕೊಡಬಹುದು. ಅದನ್ನು ಅಗಿಯುವ ಕ್ರಮ ಹೇಳುತ್ತೇನೆ, ಇದರಲ್ಲಿ ಅಗಿಯುವವರೇ ಹೆಚ್ಚು ಎಡವುತ್ತಾರೆ. ಎಲೆ ಅಡಿಕೆಯಂತೆ ಜಗಿದರೆ ನಿಕೋಟಿನ್ ಎಲ್ಲಾ ಒಂದೇ ಸಲ ಎಂಜಲಿಗೆ ಬಂದು ಹೊಟ್ಟೆಗೆ ಹೋಗುತ್ತದೆ, ಬಿಕ್ಕಳಿಕೆ, ಎದೆಯುರಿ, ಓಕರಿಕೆ ಬರುತ್ತದೆ, ಮಿದುಳಿಗೆ ಏನೂ ಸಿಗುವುದಿಲ್ಲ. ಮೆಲ್ಲಗೆ ಕೆಲವು ಸಲ ಕಚ್ಚಿ, ನಾಲಿಗೆಯ ಮೇಲೆ ಮೆಣಸಿನಂಥ ಚುರುಕು ಬಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಕಚ್ಚಿ, ಬೇರೆ ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಕಾಫಿ, ನಿಂಬೆ ಪಾನಕ ಕುಡಿಯಬಾರದು, ಹುಳಿಯಾದ ಬಾಯಲ್ಲಿ ನಿಕೋಟಿನ್ ಒಳಚರ್ಮವನ್ನು ದಾಟುವುದಿಲ್ಲ. ಮೊದಲ ವಾರಗಳಲ್ಲಿ ಗಂಟೆ ಎರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಸುಮಾರು ಮೂರು ತಿಂಗಳಿಗೆ ನಿಲ್ಲಿಸುವುದು ವಾಡಿಕೆ. ನಿನ್ನ ಬಾಯಿಯ ಮಚ್ಚೆ ನೋಡಿ ಗಮ್ ಬೇಡ, ಚರ್ಮಕ್ಕೆ ಅಂಟಿಸುವ ಪಟ್ಟಿ ಸಾಕು ಎಂದರೂ ಅನ್ನಬಹುದು. ವರೆನಿಕ್ಲಿನ್ ಎಂಬ ಮಾತ್ರೆಯೂ ಇದೆ, ಅಗಿಯುವವರಿಗೂ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದರಿಂದ ಕೆಲವರಿಗೆ ತಲೆಸುತ್ತು ಬರುತ್ತದೆ, ನಿದ್ದೆ ಕೆಡುತ್ತದೆ. ಡಾಕ್ಟರು ಕೇಳುವ ಮೊದಲೇ ‘ನಾನು ಬಸ್ ಡ್ರೈವರ್’ ಎಂದು ಹೇಳಬೇಕು.

ದಿನ ಗೊತ್ತು ಮಾಡುವಾಗಲೂ ಆ ಸ್ಟಿಯರಿಂಗ್ ನೆನಪಿರಲಿ. ಬಿಟ್ಟ ಮೊದಲ ಮೂರು ನಾಲ್ಕು ದಿನ ಗಮನ ಚದುರುತ್ತದೆ, ರಾತ್ರಿ ನಿದ್ದೆ ಹರಿಯುತ್ತದೆ. ಹಬ್ಬದ ಎಕ್ಸ್‌ಟ್ರಾ ಬಸ್ಸುಗಳ ವಾರದಲ್ಲಿ ಬೇಡವೇ ಬೇಡ. ಹಬ್ಬದ ಗಲಾಟೆ ಮುಗಿದ ಮೇಲೆ ಒಂದು ವಾರ ರಜೆ ಹಾಕು. ಬಿಡುವ ಹಿಂದಿನ ರಾತ್ರಿ ಅಂಗಿ ಜೇಬು, ಹಾಸಿಗೆಯ ಅಡಿ, ಬಚ್ಚಲ ಕಿಟಕಿ, ಟ್ರಂಕು, ಎಲ್ಲ ಕಡೆಯಿಂದ ಡಬ್ಬಿ ಪೊಟ್ಟಣ ಹೊರಗೆ ಹೋಗಬೇಕು. ಬೇಕೇಬೇಕು ಎಂಬ ತವಕ ಬಂದಾಗ ಅದು ಇಡೀ ದಿನ ಹಾಗೇ ಇರುತ್ತದೆ ಎಂದು ಹೆದರಿಕೆಯಾಗುತ್ತದೆ. ಇರುವುದಿಲ್ಲ. ಕೆಲವು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ, ಆ ನಿಮಿಷಗಳನ್ನು ನೀರು ಕುಡಿದು, ನಡೆದಾಡಿ, ಬಾಯಿಗೆ ಸೋಂಪೋ ಏಲಕ್ಕಿಯೋ ಹಾಕಿಕೊಂಡು ಕಳೆದರಾಯಿತು. ಊಟವಾದ ಮೇಲಿನ ಹೊತ್ತು ನಿನಗೆ ಅತಿ ಕಷ್ಟ ಎಂದು ನನಗೆ ಗೊತ್ತು. ಆ ವಾರ ಊಟ ಮುಗಿದ ಕೂಡಲೇ ಹಲ್ಲುಜ್ಜಿ ಅಮ್ಮನ ಜೊತೆ ಕೆರೆ ಏರಿಯವರೆಗೆ ಹೋಗಿ ಬಾ. ಡ್ಯೂಟಿಗೆ ಮರಳಿದಾಗ ಜೊತೆಯ ಡ್ರೈವರ್‌ಗಳಿಗೆ ಮೊದಲ ದಿನವೇ ಹೇಳಿಬಿಡು, ‘ಬಾಯಲ್ಲಿ ಮಚ್ಚೆ ಬಂದಿದೆ, ಡಾಕ್ಟರು ಬಿಡಿಸುತ್ತಿದ್ದಾರೆ’ ಎಂದು. ಮಾಲೆಯ ಜಾಗದಲ್ಲಿ ಈ ಮಾತು ನಿನ್ನ ಕಾವಲಿಗಿರಲಿ.

ನಡುವೆ ಒಂದು ದಿನ ಹಾಕಿಕೊಂಡುಬಿಟ್ಟರೆ ಮುಚ್ಚಿಡಬೇಡ. ಬಿಡುವ ಬಹಳಷ್ಟು ಜನ ಒಂದಲ್ಲ ಒಂದು ಸಲ ಜಾರುತ್ತಾರೆ. ಯಾವ ಹೊತ್ತು, ಯಾರ ಜೊತೆ ಎಂದು ಗುರುತಿಟ್ಟುಕೊಂಡು ಅವತ್ತೇ ಸಹಾಯವಾಣಿಗೆ ತಿಳಿಸಿದರೆ ಅದು ಮುಂದಿನ ಸಲಕ್ಕೆ ಉಪಯೋಗಕ್ಕೆ ಬರುತ್ತದೆ. ಅಮ್ಮನಿಗೂ ನಾನು ಹೇಳಿದ್ದೇನೆ, ಜೇಬು ತಡಕಬಾರದು, ಬಾಯಿ ಮೂಸಬಾರದು, ಮಕ್ಕಳ ಆಣೆ ಹಾಕಿಸಬಾರದು ಎಂದು. ಆಣೆಯಿಂದ ಹೊಗೆಸೊಪ್ಪು ಬಿಟ್ಟವರಿಗಿಂತ ಹೊಗೆಸೊಪ್ಪನ್ನು ಮುಚ್ಚಿಟ್ಟು ತಿನ್ನುವುದನ್ನು ಕಲಿತವರೇ ಹೆಚ್ಚು.

ಅಪ್ಪ, ರಾತ್ರಿ ಪಾಳಿ ಮಾಡಿ ನನ್ನನ್ನು ಓದಿಸಿದವನು ನೀನು. ನಿದ್ದೆಗೆಟ್ಟ ಆ ರಾತ್ರಿಗಳಲ್ಲೇ ಈ ಅಭ್ಯಾಸ ನಿನ್ನಲ್ಲಿ ಬಲವಾಗಿ ಬೇರು ಬಿಟ್ಟದ್ದು ಎಂದು ನನಗೆ ಗೊತ್ತು. ಆ ಓದು ನನಗೆ ಕಲಿಸಿದ್ದನ್ನು ನಿನಗಲ್ಲದೆ ಇನ್ಯಾರಿಗೆ ಮೊದಲು ಹೇಳಲಿ? ಈ ಭಾನುವಾರ ನಿನಗೆ ವಾರದ ರಜೆ. ಬೆಳಗ್ಗೆ ತಿಂಡಿಯಾದ ಮೇಲೆ 1800-11-2356ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡು, ಏನನ್ನೂ ಮುಚ್ಚಿಡಬೇಡ. ಅದರ ಮುಂದಿನ ವಾರ ನಾನು ಬರುತ್ತೇನೆ, ಇಬ್ಬರೂ ಸೇರಿ ಆ ಮಚ್ಚೆಯನ್ನು ತಜ್ಞರಿಗೆ ತೋರಿಸಿಕೊಂಡು ಬರೋಣ.

ನಿನ್ನ ಮಗಳು